ದುಡ್ಡು ತಮ್ಮನದು, ಹೆಸರು ಅಣ್ಣನದು

ಹಾಸ್ಟೆಲ್ ಬಿಟ್ಟು ಹೋದ ನಮ್ಮ ಹುಡುಗನಿಗೆ ಕೆಲಸ ಸಿಕ್ಕಿದರೆ ಮನೆಯವರು ಮೊದಲು ನೋಡೋದು ಒಂದು ಸೈಟು. ಅವನು ಬೆಂಗಳೂರಲ್ಲಿ, ಸೈಟು ಊರ ಹತ್ತಿರ, ರಜೆ ಸಿಗೋಲ್ಲ. ‘ಅಣ್ಣನ ಹೆಸರಿಗೇ ಮಾಡಿಸು ಮಗಾ, ಅಣ್ಣ ಏನು ಬೇರೆಯವನಾ?’ ಅಂತಾಳೆ ಅವ್ವ. ತಮ್ಮ ಆರು ಲಕ್ಷ ಕಳಿಸ್ತಾನೆ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಣ್ಣ ಸಹಿ ಹಾಕ್ತಾನೆ. ಬೇನಾಮಿ ಅಂದರೆ ದೊಡ್ಡವರ ಕಳ್ಳಗಂಟು ಅಂತ ತಿಳಿದಿದ್ದೇವೆ ನಾವು. ಈ ಸೈಟೂ ಬೇನಾಮಿಯೇ.

ಹಿಂದೆ ಕೋರ್ಟುಗಳು ದುಡ್ಡಿನ ಜಾಡು ಹಿಡಿದು ಹೋಗುತ್ತಿದ್ದವು. 1854ರಲ್ಲಿ ಗೋಸಾಯಿ ಕುಟುಂಬದ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್, ಅಪ್ಪ ಮಗನ ಹೆಸರಲ್ಲಿ ಕೊಂಡ ಆಸ್ತಿ ಅಪ್ಪನದೇ ಎಂದಿತು. 1973ರಲ್ಲಿ ಜಯದಯಾಳ್ ಪೊದ್ದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಣ ಯಾರದು, ಅನುಭವದಲ್ಲಿ ಇರುವವರು ಯಾರು, ಪತ್ರ ಯಾರ ಪೆಟ್ಟಿಗೆಯಲ್ಲಿದೆ ಎಂದೆಲ್ಲ ನೋಡಬೇಕು, ಬೇನಾಮಿ ಅನ್ನುವವನೇ ಅದನ್ನು ರುಜುವಾತು ಮಾಡಬೇಕು ಎಂದಿತು. 1988ರ ಕಾಯ್ದೆ ಆ ಬಾಗಿಲು ಹಾಕಿತು. ದುಡ್ಡು ಕೊಟ್ಟವನು ‘ಆಸ್ತಿ ನನ್ನದು’ ಅಂತ ದಾವೆ ಹೂಡುವಂತಿಲ್ಲ. ಯಾರಾದರೂ ಅವನ ಮೇಲೆ ದಾವೆ ಹಾಕಿದರೆ, ಅದನ್ನೇ ಉತ್ತರವಾಗಿ ಹೇಳುವಂತೆಯೂ ಇಲ್ಲ.

ಈಗ ಅಣ್ಣ ತೀರಿಕೊಂಡ ಅಂತಿಟ್ಟುಕೊಳ್ಳಿ. ಪತ್ರದಲ್ಲಿ ಅವನ ಹೆಸರಿದೆ, ಹಾಗಾಗಿ ಸೈಟು ಅವನ ವಾರಸುದಾರರಿಗೆ ಹೋಗುತ್ತದೆ. ಅತ್ತಿಗೆ ‘ನನ್ನ ಗಂಡನ ಆಸ್ತಿ’ ಅಂದರೆ ಅವಳು ಕಳ್ಳಿಯಲ್ಲ, ಪತ್ರ ಹೇಳೋದೂ ಅದನ್ನೇ. ತಮ್ಮ ಬ್ಯಾಂಕಿನ ಪಾಸ್‌ಪುಸ್ತಕ ಹಿಡಿದು ಕೋರ್ಟಿಗೆ ಓಡಿದರೆ, ‘ದುಡ್ಡು ನನ್ನದು, ಹೆಸರು ಮಾತ್ರ ಅವನದು’ ಎಂಬ ಅವನ ಮಾತೇ ಬೇನಾಮಿಯ ಸಾಕ್ಷಿಯಾದೀತು. ಸಾಲಗಾರರಿಗೋ ತೆರಿಗೆಗೋ ಮೋಸ ಮಾಡಲು ಹೀಗೆ ಕೊಂಡವರಿಗೆ ಜೈಲು. ತಮ್ಮನದು ಅಂಥ ಕಳ್ಳತನವಲ್ಲ, ಆದರೂ ಸೈಟನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಳ್ಳಬಹುದು. ಅಣ್ಣ ಬದುಕಿದ್ದಾಗಲೇ ಒಳ್ಳೆ ಮನಸ್ಸಿಂದ ತಮ್ಮನಿಗೆ ವಾಪಸ್ ಬರೆದುಕೊಡೋಣ ಅಂದರೂ 2016ರ ತಿದ್ದುಪಡಿ ಅದಕ್ಕೆ ಅಡ್ಡ ನಿಂತಿದೆ.

ತಿದ್ದುಪಡಿ ಒಂದಿಷ್ಟು ವಿನಾಯಿತಿ ಕೊಟ್ಟಿದೆ. ಗಂಡ ಹೆಂಡತಿಯ ಹೆಸರಲ್ಲೋ, ಅಪ್ಪ ಮಗಳ ಹೆಸರಲ್ಲೋ ಗೊತ್ತಿರುವ ಆದಾಯದಿಂದ ಕೊಂಡರೆ ಅದು ಬೇನಾಮಿಯಲ್ಲ. ಅಣ್ಣ, ತಂಗಿ, ಅಪ್ಪ, ಅವ್ವ ಆದರೆ ಅಷ್ಟು ಸಾಲದು: ಯಾವುದಾದರೂ ದಾಖಲೆಯಲ್ಲಿ ದುಡ್ಡು ಕೊಟ್ಟವನ ಹೆಸರೂ ಜಂಟಿ ಮಾಲೀಕ ಅಂತ ಇರಬೇಕು. ಮಾವನೋ ಭಾವನೋ ಆದರೆ ಈ ವಿನಾಯಿತಿಯೂ ಇಲ್ಲ. ಈ ಭೇದ ನಮಗೆ ಒಪ್ಪಿಗೆಯಿಲ್ಲ. ಕಾನೂನು ಬರೆದವರ ಮನೆಯಲ್ಲಿ ಸಂಸಾರ ಅಂದರೆ ಗಂಡ, ಹೆಂಡತಿ, ಮಕ್ಕಳು ಅಷ್ಟೇ ಇರಬೇಕು. ನಮ್ಮಲ್ಲಿ ಕೂಲಿ ಮಾಡಿ ತಮ್ಮನ ಓದಿಸಿದವನು ಅಣ್ಣ. ಅವನ ಹೆಸರಲ್ಲಿ ಕೊಂಡಿದ್ದಕ್ಕೂ ಹೆಂಡತಿಯ ಹೆಸರಲ್ಲಿ ಕೊಂಡಿದ್ದಕ್ಕೂ ಒಂದೇ ಅಳತೆ ಬೇಕು.

ಕಾನೂನು ಬದಲಾಗುವತನಕ, ಅಡ್ವಾನ್ಸು ಕೊಡುವ ಮುಂಚೆಯೇ ಮನೇಲಿ ಕೂತು ಮಾತಾಡಿ. ಅದು ಅಣ್ಣನಿಗೆ ದಾನ ಅಂದರೆ ಸೈಟು ಅವನದು, ಮಾತು ಮುಗೀತು. ಸಾಲ ಅಂದರೆ ಬರೆಸಿಕೊಳ್ಳಿ, ನಾಳೆ ಕೇಳಬಹುದಾದ್ದು ದುಡ್ಡು, ಸೈಟಲ್ಲ. ಇಬ್ಬರದೂ ಅಂದರೆ ಒಂದು ದಿನ ಸಂಬಳ ಕಳಕೊಂಡಾದರೂ ಹೋಗಿ, ಕ್ರಯಪತ್ರದಲ್ಲಿ ನಿಮ್ಮ ಹೆಸರನ್ನೂ ಬರೆಸಿ.