ಒಂದೇ ಅಳತೆ, ಆದರೆ ಯಾವ ವಯಸ್ಸಿನಲ್ಲಿ?

ನಿಯಮಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ, ಎಲ್ಲರಿಗೂ ಒಂದೇ ನಿಯಮ ಇದ್ದರೆ ಅದೇ ಸಮಾನತೆ, ಇದಕ್ಕಿಂತ ಹೆಚ್ಚು ಕೇಳುವುದು ಸವಲತ್ತಿನ ಆಸೆ. ನ್ಯಾಯಶಾಸ್ತ್ರದ ತರಗತಿಗಳಿಂದ ಹಿಡಿದು ಟಿ.ವಿ. ಚರ್ಚೆಗಳವರೆಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಲೆಫ್ಟಿನೆಂಟ್ ಕರ್ನಲ್ ನಿತೀಶಾ ಪ್ರಕರಣದ ತೀರ್ಪನ್ನು ಓದಿಲ್ಲ. ಓದಿದ್ದೂ ಹೀಗೆ ಹೇಳುತ್ತಿದ್ದರೆ ಅದು ಅಜ್ಞಾನವಲ್ಲ, ಹಟ.

ಭಾರತೀಯ ಸೇನೆ 1992ರಿಂದ ಕೆಲವು ವಿಭಾಗಗಳಿಗೆ ಮಹಿಳಾ ಅಧಿಕಾರಿಗಳನ್ನು ಶಾರ್ಟ್ ಸರ್ವಿಸ್ ಕಮಿಷನ್ ಮೇಲೆ ಸೇರಿಸಿಕೊಳ್ಳಲು ಶುರುಮಾಡಿತು. ಕೆಲವೇ ವರ್ಷಗಳ ನೌಕರಿ, ಆಮೇಲೆ ಬೇಕೆಂದಾಗ ವಿಸ್ತರಣೆ, ಅದಕ್ಕೂ 14 ವರ್ಷದ ಮಿತಿ. ಪಿಂಚಣಿಗೆ ಬೇಕಾದ್ದು 20 ವರ್ಷದ ಸೇವೆ. ಜೊತೆಯಲ್ಲೇ ಶಾರ್ಟ್ ಸರ್ವಿಸ್‌ಗೆ ಸೇರಿದ ಗಂಡಸರಿಗೆ ಐದನೇ ಅಥವಾ ಹತ್ತನೇ ವರ್ಷದಲ್ಲಿ ಪರ್ಮನೆಂಟ್ ಕಮಿಷನ್‌ಗೆ ಪರಿಗಣನೆಯಾಗುವ ದಾರಿಯಿತ್ತು, ಹೆಂಗಸರಿಗೆ ಇರಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್ ಅರ್ಜಿದಾರ ಮಹಿಳೆಯರ ಪರ ತೀರ್ಪು ಕೊಟ್ಟಿತು. ಸರ್ಕಾರ ಮೇಲ್ಮನವಿ ಹೋಯಿತು. ಹೈಕೋರ್ಟ್ ಆದೇಶಕ್ಕೆ ತಡೆ ಇಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದರೂ ಜಾರಿ ಆಗಲಿಲ್ಲ. 2020ರ ಫೆಬ್ರುವರಿಯಲ್ಲಿ, ಬಬಿತಾ ಪುನಿಯಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಮತ್ತೆ ಅದನ್ನೇ ಹೇಳಬೇಕಾಯಿತು. ಹಳ್ಳಿಗಾಡಿನಿಂದ ಬಂದ ಜವಾನರು ಹೆಣ್ಣಿನ ಅಧಿಕಾರವನ್ನು ಒಪ್ಪುವ ಮನಸ್ಥಿತಿಯಲ್ಲಿಲ್ಲ ಎಂದು ಸರ್ಕಾರ ಅಲ್ಲಿ ವಾದಿಸಿತ್ತು. ತನ್ನ ಸೈನಿಕರ ಶಿಸ್ತಿನ ಬಗ್ಗೆ ಇಷ್ಟು ಕೀಳು ಮಾತನ್ನು ಸರ್ಕಾರವೇ ನ್ಯಾಯಾಲಯದಲ್ಲಿ ಆಡಿದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಆ ವಾದ ಸೋತ ಮೇಲೆ ಬಂದದ್ದು ತಟಸ್ಥ ನಿಯಮ. 2020ರ ಸೆಪ್ಟೆಂಬರಿನಲ್ಲಿ ವಿಶೇಷ ಆಯ್ಕೆ ಮಂಡಳಿ ಕೂತಿತು. ಗಂಡಸರಿಗಿದ್ದ ವೈದ್ಯಕೀಯ ಮಾನದಂಡವೇ ಹೆಂಗಸರಿಗೂ ಇರಲಿ ಎಂದು ಸೇನೆ ಹೇಳಿತ್ತು. ಅದರ ಹೆಸರು ಶೇಪ್-1. ಮನಸ್ಸು, ಶ್ರವಣ, ಕೈಕಾಲು, ಒಟ್ಟು ದೇಹಸ್ಥಿತಿ, ಕಣ್ಣು, ಈ ಐದರಲ್ಲೂ ಮೊದಲ ದರ್ಜೆ ಇರಬೇಕು. ಇದರಲ್ಲಿ ಹೆಣ್ಣು ಎಂಬ ಪದವೇ ಇಲ್ಲ. ಇದಕ್ಕಿಂತ ಸಮಾನವಾದದ್ದು ಇನ್ನೇನು ಬೇಕು ಎಂದು ಕೇಳಿದರು.

ಬೇಕಾದದ್ದು ಒಂದು ಕ್ಯಾಲೆಂಡರ್. 1998ರಲ್ಲಿ ಒಟ್ಟಿಗೆ ಕಮಿಷನ್ ಪಡೆದ ಒಬ್ಬ ಗಂಡಸನ್ನೂ ಒಬ್ಬ ಹೆಂಗಸನ್ನೂ ಊಹಿಸಿಕೊಳ್ಳಿ. ಗಂಡಸಿನ ಪರೀಕ್ಷೆ 2003ರಲ್ಲೋ 2008ರಲ್ಲೋ ಮುಗಿದಿರುತ್ತದೆ, ಆಗ ಅವನಿಗೆ ಮೂವತ್ತರ ಆಸುಪಾಸು. ಕಾಯಂ ಆದ ಮೇಲೆ ಅವನಿಗೆ ರಕ್ತದೊತ್ತಡ ಬಂದರೂ ಮಂಡಿ ಸವೆದರೂ ಕಮಿಷನ್ ಹೋಗುವುದಿಲ್ಲ. ಅವನು ಶೇಪ್-1ರಲ್ಲೇ ಉಳಿಯಬೇಕೆಂಬ ಷರತ್ತಿಲ್ಲ. ಹೆಂಗಸಿನ ಪರೀಕ್ಷೆ ಅದೇ ಮಾನದಂಡದಲ್ಲಿ ನಡೆಯುವುದು 2020ರಲ್ಲಿ. ಅಷ್ಟರಲ್ಲಿ ಅವಳಿಗೆ ನಲವತ್ತು ದಾಟಿದೆ, ಇಪ್ಪತ್ತೆರಡು ವರ್ಷದ ಸೇನಾ ಕೆಲಸ ಮೈಮೇಲೆ ಹಾದುಹೋಗಿದೆ. ಇಪ್ಪತ್ತೈದರಿಂದ ಮೂವತ್ತರ ಗಂಡಸಿಗೆ ಇಟ್ಟ ಅಳತೆಯನ್ನು ನಲವತ್ತರಿಂದ ಐವತ್ತರ ಹೆಂಗಸಿಗೆ ಇಡಲಾಯಿತು. ಅವಳು ತಡವಾಗಿ ಬಂದದ್ದು ತನ್ನ ತಪ್ಪಿನಿಂದಲ್ಲ. ಬಾಗಿಲು ಹಾಕಿಕೊಂಡು ಕೂತವರು, ಬಾಗಿಲು ತೆಗೆಯುವ ದಿನ ಅವಳ ವಯಸ್ಸನ್ನು ಅವಳ ಅನರ್ಹತೆಯಾಗಿ ಬರೆದುಕೊಂಡರು.

ಇನ್ನೊಂದು ಸಂಗತಿ ಗೋಪ್ಯ ವರದಿಗಳದ್ದು. ಪ್ರತಿ ವರ್ಷ ಮೇಲಧಿಕಾರಿ ಬರೆಯುವ ಈ ವರದಿಯ ಅಂಕಗಳ ಮೇಲೆ ಅರ್ಹತೆ ನಿಂತಿತ್ತು, ಕನಿಷ್ಠ ಶೇ 60 ಬರಬೇಕು. ಆದರೆ ಆ ವರದಿಗಳನ್ನು ಬರೆದ ಕಾಲದಲ್ಲಿ ಮಹಿಳೆಯರಿಗೆ ಪರ್ಮನೆಂಟ್ ಕಮಿಷನ್ ಎಂಬುದೇ ಇರಲಿಲ್ಲ. ಕೆಲವು ವರ್ಷಕ್ಕೆ ಹೊರಟುಹೋಗುವವಳ ವರದಿಯನ್ನು ಯಾವ ಅಧಿಕಾರಿ ಮನಸ್ಸಿಟ್ಟು ಬರೆಯುತ್ತಾನೆ? ಅವಳೂ ಬಡ್ತಿಗೆ ಬೇಕಾದ ಕೋರ್ಸುಗಳ ಹಿಂದೆ ಯಾಕೆ ಬೀಳುತ್ತಾಳೆ? ಸಾಲದ್ದಕ್ಕೆ ಐದನೇ ಅಥವಾ ಹತ್ತನೇ ವರ್ಷದವರೆಗಿನ ವರದಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡು, ಆಮೇಲಿನ ಸಾಧನೆಯನ್ನೆಲ್ಲ ಪಕ್ಕಕ್ಕಿಟ್ಟರು. ದೇಹಕ್ಕೆ ಇಂದಿನ ವಯಸ್ಸು, ಕೆಲಸಕ್ಕೆ ಅಂದಿನ ವಯಸ್ಸು. ಎರಡು ಕಡೆಯೂ ಅವಳಿಗೆ ಕೆಡುಕಾಗುವ ದಿನಾಂಕವನ್ನೇ ಹಿಡಿದ ನಿಯಮವನ್ನು ತಟಸ್ಥ ಎನ್ನಲು ನಾಲಿಗೆ ಹೇಗೆ ಏಳುತ್ತದೆ?

2021ರ ಮಾರ್ಚ್ 25ರಂದು ನಿತೀಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಬರೆದ ತೀರ್ಪು ಇದನ್ನು ಪರೋಕ್ಷ ತಾರತಮ್ಯ ಎಂದು ಕರೆಯಿತು. ಕೆನಡಾದ ಸುಪ್ರೀಂ ಕೋರ್ಟ್ 2020ರಲ್ಲಿ ಫ್ರೇಸರ್ ಪ್ರಕರಣದಲ್ಲಿ ಬಳಸಿದ ಎರಡು ಪ್ರಶ್ನೆಗಳನ್ನು ಅದು ತೆಗೆದುಕೊಂಡಿತು. ನಿಯಮದ ಪೆಟ್ಟು ಒಂದು ಗುಂಪಿನ ಮೇಲೆ ಹೆಚ್ಚಾಗಿ ಬೀಳುತ್ತದೆಯೇ? ಆ ಪೆಟ್ಟು ಆ ಗುಂಪಿನ ಹಳೆಯ ಹಿನ್ನಡೆಯನ್ನು ಉಳಿಸುತ್ತದೆಯೇ, ಬೆಳೆಸುತ್ತದೆಯೇ? ನಿಯಮ ಬರೆದವರ ಉದ್ದೇಶವನ್ನು ಸಾಬೀತು ಮಾಡಬೇಕಿಲ್ಲ. ಫ್ರೇಸರ್ ಅಲ್ಲಿನ ಫೆಡರಲ್ ಪೊಲೀಸ್ ಪಡೆಯ ಪ್ರಕರಣ. ಒಂದು ಹುದ್ದೆಯ ಕೆಲಸವನ್ನು ಹಂಚಿಕೊಂಡು ಕಡಿಮೆ ಗಂಟೆ ದುಡಿದವರು, ಅಂದರೆ ಬಹುಪಾಲು ಚಿಕ್ಕ ಮಕ್ಕಳ ತಾಯಂದಿರು, ಬಿಟ್ಟುಹೋದ ಗಂಟೆಗಳಿಗೆ ದುಡ್ಡು ಕಟ್ಟಿ ಪೂರ್ಣ ಪಿಂಚಣಿ ಪಡೆಯುವಂತಿರಲಿಲ್ಲ. ವೇತನರಹಿತ ರಜೆ ಹಾಕಿದವರಿಗೆ ಆ ಅವಕಾಶ ಇತ್ತು. ಅಮಾನತಾದವರಿಗೂ ಇತ್ತು! ಅಲ್ಲೂ ನಿಯಮದಲ್ಲಿ ಹೆಣ್ಣು ಎಂಬ ಪದ ಇರಲಿಲ್ಲ.

ಪದ ಇದೆಯೇ ಇಲ್ಲವೇ ಎಂದಷ್ಟೇ ನೋಡುವ ಚಟ ನಮ್ಮ ಕಾನೂನು ಶಿಕ್ಷಣಕ್ಕೂ ಅಂಟಿದೆ. 14ನೇ ವಿಧಿ ಎಂದರೆ ವಿದ್ಯಾರ್ಥಿಗಳು ಸಮಂಜಸ ವರ್ಗೀಕರಣದ ಸೂತ್ರ ಒಪ್ಪಿಸುತ್ತಾರೆ, ಅಂಕ ಸಿಗುತ್ತದೆ. ಆ ಸೂತ್ರ ಹೆಂಗಸರಿಗೆ ಏನು ಮಾಡಿತೆಂದು ಯಾರೂ ಕೇಳುವುದಿಲ್ಲ. 1981ರ ಏರ್ ಇಂಡಿಯಾ ಪ್ರಕರಣದಲ್ಲಿ ಮೊದಲ ಬಸಿರಿಗೇ ಗಗನಸಖಿಯ ಕೆಲಸ ಕಳೆಯುವ ನಿಯಮವನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಸರಿ. ಆದರೆ ವಿಮಾನದ ಗಂಡು ಸಿಬ್ಬಂದಿಯೇ ಬೇರೆ ಕೇಡರ್, ಗಗನಸಖಿಯರೇ ಬೇರೆ ಕೇಡರ್, ಹೋಲಿಕೆಯೇ ಸಲ್ಲದು ಎಂದು, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾಗಬಾರದೆಂಬ ಷರತ್ತನ್ನು ಉಳಿಸಿತು. ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ, ಬಸಿರನ್ನು ವಿಮೆಯಿಂದ ಹೊರಗಿಟ್ಟದ್ದು ಲಿಂಗಭೇದವಲ್ಲ, ಅದು ಬಸಿರಿರುವವರು ಮತ್ತು ಬಸಿರಿಲ್ಲದವರು ಎಂಬ ವಿಂಗಡಣೆ ಎಂದಿತ್ತು. ಗಂಡಸಿನ ಬದುಕನ್ನೇ ಮನುಷ್ಯನ ಅಳತೆ ಎಂದಿಟ್ಟು, ಹೆಣ್ಣು ಅದಕ್ಕೆ ಹೊಂದಿದರೆ ಸಮಾನಳು, ಹೊಂದದಿದ್ದರೆ ವಿಶೇಷ ರಕ್ಷಣೆ ಬೇಕಾದವಳು ಎನ್ನುವುದೇ ಇಲ್ಲಿನ ಮೂಲ ಕೇಡು ಎಂದು ಕ್ಯಾಥರೀನ್ ಮೆಕಿನನ್ ದಶಕಗಳಿಂದ ವಾದಿಸುತ್ತಿದ್ದಾರೆ. ಶೇಪ್-1ರ ಕತೆ ಓದಿದ ಮೇಲೂ ಇದನ್ನು ಪಾಶ್ಚಾತ್ಯ ಸಿದ್ಧಾಂತ ಎಂದು ತಳ್ಳಿಹಾಕುವವರೊಡನೆ ನನಗೆ ಮಾತಿಲ್ಲ.

ನಿತೀಶಾ ತೀರ್ಪನ್ನು ಹೊಗಳಿ ಸುಮ್ಮನಾಗಲೂ ನಾನು ಸಿದ್ಧಳಿಲ್ಲ. ಶೇಪ್-1 ಮಾನದಂಡವನ್ನು ಕೋರ್ಟ್ ಮುಟ್ಟಲಿಲ್ಲ, ಅದನ್ನು ಅನ್ವಯಿಸುವ ದಿನಾಂಕವನ್ನಷ್ಟೇ ಐದನೇ ಅಥವಾ ಹತ್ತನೇ ವರ್ಷಕ್ಕೆ ಸರಿಸಿತು. ಅಷ್ಟರಿಂದಲೇ ಬಹಳ ಮಂದಿಗೆ ದಾರಿಯಾಯಿತು, ಕೆಲವರಿಗೆ ಅದೂ 2021ರ ನವೆಂಬರಿನಲ್ಲಿ ನ್ಯಾಯಾಂಗ ನಿಂದನೆಯ ಮಾತು ಬಂದ ಮೇಲೆ. ಗೋಪ್ಯ ವರದಿಗಳನ್ನು ಬಳಸಿದ ರೀತಿಯೇ ತಾರತಮ್ಯದ್ದು ಎಂದು ಕೋರ್ಟ್ ಬರೆಯಿತು. ಆದರೆ ಪರಿಹಾರ ಕೊಟ್ಟದ್ದು ಶೇ 60 ದಾಟಿದವರಿಗೆ. ವಿಧಾನವನ್ನು ಮುಂದಿನ ಬ್ಯಾಚುಗಳಿಗೆ ತಿದ್ದಿಕೊಳ್ಳಿ ಎಂದಿತು. ಮನಸ್ಸಿಡದೆ ಬರೆದ ಅದೇ ವರದಿಗಳಿಂದಾಗಿ 60ರ ಕೆಳಗೆ ಉಳಿದ ಮಹಿಳೆಯರಿಗೆ ಆ ದಿನ ಏನೂ ಸಿಗಲಿಲ್ಲ.