ಹಿಮ್ಮಡಿಯ ಗಂಟೂ ವಂಶವೃಕ್ಷವೂ

ವಂಶಾವಳಿಯನ್ನು ಬರೆದಿಡುವ ಪದ್ಧತಿಯುಳ್ಳ ಮನೆಗಳಲ್ಲಿ ಸಾಮಾನ್ಯವಾಗಿ ಗಂಡುಮಕ್ಕಳ ಹೆಸರುಗಳೇ ಕ್ರಮವಾಗಿ ಬರುವುವು. ಹೆಣ್ಣುಮಕ್ಕಳು ಬೇರೆ ಗೋತ್ರಕ್ಕೆ ಸೇರಿದರೆಂದು ಅವರ ಶಾಖೆಗಳನ್ನು ಅಲ್ಲಿಗೇ ನಿಲ್ಲಿಸಿಬಿಡುವರು. ಗೋತ್ರಪ್ರವರಗಳನ್ನು ಹೇಳುವುದಕ್ಕೆ ಅಷ್ಟು ಸಾಕಾದೀತು. ಆದರೆ ಈ ತಿಂಗಳು ನಾವು ವಾಚಕರ ಮುಂದಿಡುವ ವ್ಯಾಧಿಯು ಗೋತ್ರವನ್ನು ನೋಡಿ ನಡೆಯುವುದಲ್ಲ. ತಂದೆಯಿಂದ ಮಗಳಿಗೂ ತಾಯಿಯಿಂದ ಮಗನಿಗೂ ಅದು ಸಮನಾಗಿ ಇಳಿದುಬರುವುದು. ವೈದ್ಯರು ಅದನ್ನು ಫೆಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯ ಎಂದು ಕರೆಯುವರು. ಹುಟ್ಟಿದಂದಿನಿಂದಲೇ ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಜಿಡ್ಡು ಮಿತಿಮೀರಿರುವ ಕುಲಾಗತ ವ್ಯಾಧಿಯೆಂದು ಅದರ ಅರ್ಥ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದು ಇರುವುದು.

ಕೊಲೆಸ್ಟರಾಲು ರಕ್ತದಲ್ಲಿ ತಾನಾಗಿ ಕರಗಲಾರದು. ಸಣ್ಣ ಕಣಗಳೊಳಗೆ ಅಡಕವಾಗಿ ಸಂಚರಿಸುವುದು. ಅವುಗಳಲ್ಲಿ ಎಲ್.ಡಿ.ಎಲ್. ಎಂಬ ಕಣಗಳೇ ರಕ್ತನಾಳಗಳಿಗೆ ಕೇಡು ಮಾಡತಕ್ಕವು. ಯಕೃತ್ತಿನ ಜೀವಕೋಶಗಳ ಮೈಮೇಲೆ ಈ ಕಣಗಳನ್ನು ಹಿಡಿದು ಒಳಕ್ಕೆಳೆದುಕೊಳ್ಳುವ ಗ್ರಾಹಕಗಳಿವೆ. ಅಮೆರಿಕದ ಡಲ್ಲಾಸ್ ನಗರದಲ್ಲಿ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಎಂಬ ಇಬ್ಬರು ವಿದ್ವಾಂಸರು 1970ರ ದಶಕದಲ್ಲಿ ಇವನ್ನು ಕಂಡುಹಿಡಿದು, 1985ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಗ್ರಾಹಕವನ್ನು ನಿರ್ಮಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ತಂದೆಯದು, ಇನ್ನೊಂದು ತಾಯಿಯದು. ಒಂದು ಪ್ರತಿ ಕೆಟ್ಟಿದ್ದರೆ ಕೆಲಸಮಾಡುವ ಗ್ರಾಹಕಗಳು ಅರ್ಧಕ್ಕಿಳಿದು, ಎಲ್.ಡಿ.ಎಲ್. ಸುಮಾರು ಇಮ್ಮಡಿಯಾಗುವುದು. ತುಪ್ಪವನ್ನು ಬಿಟ್ಟು ಮಿತಾಹಾರಿಯಾದ ಮಾತ್ರಕ್ಕೆ ಈ ಕೊರತೆ ತುಂಬದು. ಪಥ್ಯದಿಂದ ಅಲ್ಪಸ್ವಲ್ಪ ಇಳಿಯುವುದು, ಅಷ್ಟೆ. ತೆಳ್ಳಗಿರುವವರಿಗೂ ಸಸ್ಯಾಹಾರಿಗಳಿಗೂ ಈ ವ್ಯಾಧಿ ಇರುವುದು ಇದರಿಂದಲೇ.

ಇನ್ನು ವ್ಯಾಧಿಯು ಹೊರಗೆ ತೋರುವ ಕುರುಹುಗಳು. ಹಿಮ್ಮಡಿಯ ಹಿಂಭಾಗದಲ್ಲಿ ಮೀನಖಂಡವನ್ನು ಪಾದಕ್ಕೆ ಬಿಗಿಯುವ ದಪ್ಪ ಹುರಿಯೊಂದುಂಟು. ನಮ್ಮ ಪ್ರಾಚೀನ ವೈದ್ಯಶಾಸ್ತ್ರದಲ್ಲಿ ಇಂಥ ಹುರಿಗಳಿಗೆ ಕಂಡರವೆಂದು ಹೆಸರು. ಹೆಬ್ಬೆರಳು ತೋರುಬೆರಳುಗಳ ನಡುವೆ ಅದನ್ನು ಹಿಡಿದು ಮೇಲಿನಿಂದ ಕೆಳಕ್ಕೆ ಸವರಿದರೆ, ಆರೋಗ್ಯವಂತರಲ್ಲಿ ನಯವಾಗಿಯೂ ಸಮನಾಗಿಯೂ ತೋರುವುದು. ಕೊಲೆಸ್ಟರಾಲು ಅದರೊಳಗೆ ನೆಲಸಿದ್ದರೆ ಹುರಿಯು ದಪ್ಪನಾಗಿ, ಗಟ್ಟಿಯಾಗಿ, ಗಂಟುಗಂಟಾಗಿ ಕೈಗೆ ಸಿಕ್ಕುವುದು. ಮೇಲಿನ ಚರ್ಮದ ಬಣ್ಣ ಬದಲಾಗಿರುವುದಿಲ್ಲ. ಆದುದರಿಂದ ನೋಡಿದರೆ ಕಾಣದಿದ್ದುದು ಮುಟ್ಟಿದರೆ ತಿಳಿಯುವುದು. ಮುಂಗೈಯ ಬೆರಳಗೆಣ್ಣುಗಳ ಮೇಲೆಯೂ ಇಂಥ ಗಂಟುಗಳು ಬರುವುವು. ಬೆರಳನ್ನು ಮಡಿಸಿ ಬಿಚ್ಚಿದರೆ ಅವು ಹುರಿಯೊಡನೆಯೇ ಜರುಗುವುವು. ಕಣ್ಣಿನ ಕಪ್ಪುಭಾಗದ ಅಂಚಿನಲ್ಲಿ ಕಾಣುವ ಬೂದುಬಣ್ಣದ ಬಳೆಯು ವೃದ್ಧರಲ್ಲಿ ಸಹಜವೆ. 45 ವಯಸ್ಸಿಗೆ ಮೊದಲೇ ಬಂದರೆ ಸಂಶಯಕ್ಕೆ ಕಾರಣವುಂಟು. ಈ ಕುರುಹುಗಳು ಇದ್ದರೆ ಸಂಶಯವು ಬಲವಾಗುವುದು. ಆದರೆ ಇಲ್ಲದಿದ್ದರೆ ವ್ಯಾಧಿಯಿಲ್ಲವೆಂದು ತಿಳಿಯಬಾರದು. ಕಂಡರದ ಗಂಟು ಚಿಕ್ಕ ಮಕ್ಕಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ದೊಡ್ಡವರಲ್ಲಿಯೂ ಅನೇಕರಿಗೆ ಮೂಡುವುದಿಲ್ಲ. ಕೊನೆಯ ನಿರ್ಣಯಕ್ಕೆ ರಕ್ತಪರೀಕ್ಷೆಯೇ ಬೇಕು.

ವಿಷಯವು ವಿಶದವಾಗಲೆಂದು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. 45 ವಯಸ್ಸಿನ ಗೃಹಸ್ಥರೊಬ್ಬರಿಗೆ ಹೃದಯಾಘಾತವಾಗಿ, ದೈವಯೋಗದಿಂದ ಉಳಿದುಕೊಂಡರು. ಅವರಿಗೆ ಹೊಗೆಸೊಪ್ಪಿನ ಚಟವಿಲ್ಲ, ಮೈಯೂ ತೆಳು. ಮೊದಲನೆಯ ದಿನವೇ ತೆಗೆದ ರಕ್ತದಲ್ಲಿ ಎಲ್.ಡಿ.ಎಲ್. ಡೆಸಿಲೀಟರಿಗೆ 265 ಮಿಲಿಗ್ರಾಂ ಇದ್ದಿತು. ವಯಸ್ಕರಲ್ಲಿ ಇದು 190ಕ್ಕೆ ಮೇಲಿದ್ದರೆ ಈ ಕುಲವ್ಯಾಧಿಯನ್ನು ಶಂಕಿಸಬೇಕು. ಹೃದಯಾಘಾತವಾದ ಒಂದು ದಿನದ ಮೇಲೆ ಈ ಅಂಕವು ಕೆಲವು ವಾರಗಳವರೆಗೆ ತಗ್ಗಿ ತೋರುವುದುಂಟು. ಔಷಧ ಸೇವಿಸುವವರಲ್ಲಿಯೂ ತಗ್ಗಿಯೇ ಇರುವುದು. ಈ ಎರಡರಿಂದಲೂ ವ್ಯಾಧಿಯು ಮರೆಯಾಗಬಹುದು. ಥೈರಾಯಿಡ್ ಗ್ರಂಥಿಯ ಮಾಂದ್ಯದಿಂದಲೂ ಮೂತ್ರಪಿಂಡದ ಕೆಲವು ರೋಗಗಳಿಂದಲೂ ಅಂಕವು ಏರುವುದುಂಟಾದುದರಿಂದ ವೈದ್ಯರು ಅವುಗಳನ್ನೂ ಪರೀಕ್ಷಿಸಿ, ಇಲ್ಲವೆಂದು ಕಂಡುಕೊಂಡರು. ಆಮೇಲೆ ಅವರು ಕೇಳಿದುದು, "ನಿಮ್ಮವರಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಎದೆನೋವಿನಿಂದ ಹೋದವರುಂಟೆ?" ಎಂದು. ತಂದೆಯ ಕಡೆ ಯಾರೂ ಇರಲಿಲ್ಲ. ಸೋದರಮಾವ ಮಾತ್ರ 47ರಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರು. ಆದರೆ ಅವರು ಬೇರೆ ಗೋತ್ರದವರೆಂದು ಮನೆಯಲ್ಲಿ ಯಾರೂ ಆ ಸಾವನ್ನು ಇದರೊಡನೆ ಸೇರಿಸಿ ನೋಡಿರಲಿಲ್ಲ.

ಇಲ್ಲಿಂದ ಹುಡುಕುವ ಕ್ರಮವು ಒಂದು ದೀಪದಿಂದ ಇನ್ನೊಂದನ್ನು ಹಚ್ಚಿದಂತೆ. ರೋಗಿಯ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಪ್ರತಿಯೊಬ್ಬರಿಗೂ ವ್ಯಾಧಿಯಿರುವ ಸಂಭವವು ಎರಡರಲ್ಲಿ ಒಂದು. ಆದುದರಿಂದ ಮೊದಲು ಇವರ ರಕ್ತವನ್ನು ನೋಡುವುದು. ಯಾರಲ್ಲಿ ಕಂಡಿತೋ ಅವರಿಂದ ಮುಂದಕ್ಕೆ ಹೋಗುವುದು. ಯಾರಲ್ಲಿ ಇಲ್ಲವೋ ಆ ಶಾಖೆಯಲ್ಲಿ ನಿಲ್ಲಿಸುವುದು. ಈ ಸಂಸಾರದಲ್ಲಿ ತಾಯಿಗೆ 240, ಅಕ್ಕನಿಗೆ 250. ಅಕ್ಕನ ಹಿಮ್ಮಡಿಯ ಹುರಿಯೂ ದಪ್ಪವಾಗಿದ್ದಿತು, ಅದನ್ನು ಅವರು ಬಹುಕಾಲ ಉಳುಕೆಂದೇ ತಿಳಿದಿದ್ದರು. ತಮ್ಮನಿಗೆ 105 ಮಾತ್ರ. ವ್ಯಾಧಿಯು ಒಂದು ತಲೆಯನ್ನು ದಾಟಿ ಮುಂದಿನದಕ್ಕೆ ಹಾರುವುದಿಲ್ಲವಾದುದರಿಂದ ತಮ್ಮನ ಮಕ್ಕಳು ಇದರ ಯೋಚನೆಯಿಂದ ಮುಕ್ತರು. ರೋಗಿಯ ಮಕ್ಕಳಲ್ಲಿ 20 ವಯಸ್ಸಿನ ಮಗಳಿಗೆ 220, ಮಗನಿಗೆ 95. ಎರಡರಲ್ಲಿ ಒಂದೆಂದರೆ ಇಬ್ಬರಲ್ಲಿ ಒಬ್ಬರು ತಪ್ಪಿಸಿಕೊಂಡೇ ತೀರುವರೆಂದಲ್ಲ. ಪ್ರತಿಯೊಂದು ಮಗುವಿಗೂ ಬೇರೆಬೇರೆಯಾಗಿ ಅದೇ ಸಂಭವವಿರುವುದು.

ಅಕ್ಕನ ಮಗನಿಗೆ 25 ವಯಸ್ಸು. ಅವನ ಅಂಕ 230. ಈ ಹುಡುಗನಿಗೆ ರೋಗಿಯ ಮಗಳನ್ನು ಕೊಡಬೇಕೆಂದು ಎರಡು ಮನೆಯವರೂ ಮಾತಾಡಿಕೊಂಡಿದ್ದರು. ನಮ್ಮ ನಾಡಿನಲ್ಲಿ ಸೋದರಿಕೆಯ ಸಂಬಂಧವು ಹೊಸದಲ್ಲ. ಆದರೆ ಇಬ್ಬರಲ್ಲಿಯೂ ಕೆಟ್ಟ ಪ್ರತಿಯೊಂದೊಂದು ಇರುವುದರಿಂದ, ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಎರಡೂ ಕೆಟ್ಟ ಪ್ರತಿಗಳೇ ಬರುವ ಸಂಭವವು ನಾಲ್ಕರಲ್ಲಿ ಒಂದು. ಅಂಥ ಮಗುವಿನ ಎಲ್.ಡಿ.ಎಲ್. ಸಾಮಾನ್ಯವಾಗಿ 400ನ್ನು ಮೀರುವುದು. ಬಾಲ್ಯದಲ್ಲಿಯೇ ಮೊಣಕೈ ಮೊಣಕಾಲುಗಳ ಮೇಲೆ ಹಳದಿ ಗಂಟುಗಳೇಳುವುವು. ಚಿಕಿತ್ಸೆಯಿಲ್ಲದಿದ್ದರೆ ಇಪ್ಪತ್ತು ತುಂಬುವುದರೊಳಗೇ ಹೃದಯದ ನಾಳಗಳು ಮುಚ್ಚಿಹೋಗಬಹುದು. ಸಂಬಂಧವನ್ನು ಮಾಡಬೇಕೋ ಬಿಡಬೇಕೋ ಎಂಬುದನ್ನು ಆ ಹಿರಿಯರೂ ಆ ಮಕ್ಕಳೂ ನಿರ್ಣಯಿಸಲಿ. ಲಗ್ನಪತ್ರಿಕೆಗೆ ಮೊದಲೇ ತಿಳಿದು ನಿರ್ಣಯಿಸಲಿ ಎಂಬುದಿಷ್ಟೇ ನಮ್ಮ ಮಾತು.

ಒಂದೇ ಪ್ರತಿ ಕೆಟ್ಟವರ ವಿಷಯದಲ್ಲಿ ಧೈರ್ಯಕ್ಕೆ ಕಾರಣವುಂಟು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಗಂಡಸರಲ್ಲಿ ಸುಮಾರು ಅರ್ಧಪಾಲು ಜನರಿಗೆ 50ರೊಳಗೆ ಹೃದ್ರೋಗವು ತೋರುವುದು. ಹೆಂಗಸರಲ್ಲಿ ಸುಮಾರು ಹತ್ತು ವರ್ಷ ತಡವಾಗಿ ಬರುವುದು. ಆದರೆ ಸ್ಟ್ಯಾಟಿನ್ ಎಂಬ ವರ್ಗದ ಮಾತ್ರೆಗಳು ಯಕೃತ್ತಿನಲ್ಲಿ ಕೊಲೆಸ್ಟರಾಲಿನ ತಯಾರಿಕೆಯನ್ನು ತಗ್ಗಿಸುವುವು. ಆಗ ಯಕೃತ್ತು ತನ್ನ ಕೊರತೆಯನ್ನು ತುಂಬಿಕೊಳ್ಳಲು, ಒಳ್ಳೆಯ ಪ್ರತಿಯಿಂದಲೇ ಹೆಚ್ಚು ಗ್ರಾಹಕಗಳನ್ನು ಮಾಡಿಕೊಂಡು ರಕ್ತದಿಂದ ಎಲ್.ಡಿ.ಎಲ್.ಅನ್ನು ಸೆಳೆದುಕೊಳ್ಳುವುದು. ತಕ್ಕ ಪ್ರಮಾಣದಲ್ಲಿ ಸೇವಿಸಿದರೆ ಅಂಕವು ಅರ್ಧದಷ್ಟು ಇಳಿಯುವುದುಂಟು. ಸಾಲದಿದ್ದರೆ ಬೇರೆ ಔಷಧಗಳನ್ನು ಕೂಡಿಸುವರು. ವ್ಯಾಧಿಯುಳ್ಳ ಮಕ್ಕಳಿಗೆ 8ರಿಂದ 10 ವಯಸ್ಸಿನಲ್ಲಿ ಪ್ರಾರಂಭಿಸುವುದು ವೈದ್ಯರ ಸಂಪ್ರದಾಯ. ಗರ್ಭಿಣಿಯರಿಗೆ ಇವನ್ನು ಸಾಮಾನ್ಯವಾಗಿ ಕೊಡುವುದಿಲ್ಲವಾದುದರಿಂದ, ಸಂತಾನವನ್ನು ಬಯಸುವ ಸ್ತ್ರೀಯರು ಮುಂಚಿತವಾಗಿ ವೈದ್ಯರಿಗೆ ತಿಳಿಸಬೇಕು. ಅಂಕವು ಇಳಿಯಿತೆಂದು ಮಾತ್ರೆಯನ್ನು ಬಿಡಲಾಗದು. ಬಿಟ್ಟ ಕೆಲವು ವಾರಗಳಲ್ಲಿಯೇ ಮತ್ತೆ ಏರುವುದು.

ಆದುದರಿಂದ ಮನೆಯಲ್ಲಿ ಗಂಡಸರು 55ಕ್ಕೆ ಮೊದಲು, ಹೆಂಗಸರು 60ಕ್ಕೆ ಮೊದಲು ಹೃದಯಾಘಾತಕ್ಕೆ ಗುರಿಯಾದುದುಂಟಾದರೆ, ವಾಚಕರು ಒಂದು ಹಾಳೆಯನ್ನು ತೆಗೆದುಕೊಂಡು ವಂಶವೃಕ್ಷವನ್ನು ಹೊಸದಾಗಿ ಬರೆಯಲಿ. ಹೆಣ್ಣುಮಕ್ಕಳ, ಅವರ ಮಕ್ಕಳ, ತಾಯಿಯ ಕಡೆಯವರ ಹೆಸರುಗಳೂ ಅದರಲ್ಲಿರಲಿ. ತೀರಿಕೊಂಡವರ ಹೆಸರಿನ ಮುಂದೆ ವಯಸ್ಸನ್ನೂ ಕಾರಣವನ್ನೂ, ಇರುವವರ ಹೆಸರಿನ ಮುಂದೆ ಎಲ್.ಡಿ.ಎಲ್. ಅಂಕವನ್ನೂ ಬರೆಯಲಿ. ಆ ಹಾಳೆಯನ್ನು ವೈದ್ಯರಲ್ಲಿಗೆ ಒಯ್ದರೆ, ಮುಂದೆ ಯಾರ ರಕ್ತವನ್ನು ನೋಡಬೇಕೆಂಬುದು ಅದರಿಂದಲೇ ತಿಳಿಯುವುದು.