ಪ್ರೈಮರಿ ಹಾಕದ ಒಂದು ಸ್ಲೈಡ್ ಬೇಕೇ ಬೇಕು

ಇಮ್ಯುನೊಫ್ಲೋರೊಸೆನ್ಸ್ ಪ್ರಾಕ್ಟಿಕಲ್‌ನಲ್ಲಿ ನಾವೆಲ್ಲ ಎಲ್ಲ ಸ್ಲೈಡಿಗೂ ಎರಡೂ ಆಂಟಿಬಾಡಿ ಹಾಕ್ತೀವಿ. ಹಸಿರು ಕಂಡರೆ ಸಾಕು, ರೆಕಾರ್ಡ್‌ಗೆ ಫೋಟೊ ಅಂಟಿಸಿ ಸಹಿ ಹಾಕಿಸ್ಕೊತೀವಿ. ಆ ಹಸಿರು ಎಲ್ಲಿಂದ ಬಂತು ಅಂತ ಯಾರೂ ಕೇಳಲ್ಲ. ನಮ್ಮ ವಾದ ಇಷ್ಟೇ: ಪ್ರತಿ ಬ್ಯಾಚೂ ಪ್ರೈಮರಿ ಇಲ್ಲದ ಒಂದು ಸ್ಲೈಡ್ ಮಾಡಲೇಬೇಕು.

ಹೀಲಾ ಜೀವಕೋಶಗಳಲ್ಲಿ ಟ್ಯೂಬುಲಿನ್ ನೋಡುವುದನ್ನೇ ತಗೊಳ್ಳಿ. 4% ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲಿ 15 ನಿಮಿಷ ಇಟ್ಟರೆ ಪ್ರೋಟೀನುಗಳು ಒಂದಕ್ಕೊಂದು ಬೆಸೆದು ಇದ್ದಲ್ಲೇ ನಿಲ್ಲುತ್ತವೆ. ಆದರೆ ಪೊರೆ ದಾಟಿ ಆಂಟಿಬಾಡಿ ಒಳಗೆ ಹೋಗಲ್ಲ. ಅದಕ್ಕೇ 0.1% ಟ್ರೈಟಾನ್ ಎಕ್ಸ್-100 ಹತ್ತು ನಿಮಿಷ ಹಾಕಿ ಪೊರೆಯಲ್ಲಿ ರಂಧ್ರ ಮಾಡುವುದು. ಪ್ರೈಮರಿ ಇಲಿಯಲ್ಲಿ ತಯಾರಾದದ್ದು. ಹಾಗಾಗಿ ಸೆಕೆಂಡರಿ ಇಲಿಯ ಆಂಟಿಬಾಡಿಯನ್ನು ಹಿಡಿಯುವಂಥದ್ದಿರಬೇಕು. ಅದು ಮೇಕೆಯಲ್ಲಿ ತಯಾರಾದದ್ದಾದರೆ ಬ್ಲಾಕಿಂಗ್‌ಗೂ ಮೇಕೆಯ ಸೀರಮ್ಮೇ, 5%, ಒಂದು ಗಂಟೆ. ಮೇಕೆಯ ಆಂಟಿಬಾಡಿ ಅಂಟಿಕೊಳ್ಳಬಹುದಾದ ಜಾಗಗಳನ್ನೆಲ್ಲ ಮೇಕೆಯ ಸೀರಮ್ಮೇ ಮೊದಲು ತುಂಬಿಬಿಡುತ್ತದೆ. ಬ್ಲಾಕಿಂಗ್‌ಗೆ ಇಲಿಯ ಸೀರಮ್ ಹಾಕಿದಿರೋ, ಸೆಕೆಂಡರಿ ಅದನ್ನೇ ಹಿಡಿದು ಕವರ್‌ಸ್ಲಿಪ್ ಪೂರ್ತಿ ಬೆಳಗುತ್ತದೆ!

ಈಗ ಟ್ಯೂಬುಲಿನ್‌ನ ಸಣ್ಣ ಎಳೆಗಳ ಬದಲು ಕೋಶದ ತುಂಬ ಮಂಜಿನಂಥ ಹಸಿರು ಕಂಡಿತು ಅನ್ನಿ. ಪ್ರೈಮರಿ ಇಲ್ಲದ ಸ್ಲೈಡನ್ನು ಅದೇ ಎಕ್ಸ್‌ಪೋಷರ್‌ನಲ್ಲಿ ನೋಡ್ರಿ (ಆಟೊ ಎಕ್ಸ್‌ಪೋಷರ್ ಇಟ್ಟರೆ ಕತ್ತಲೂ ಬೆಳಕಾಗಿ ಕಾಣ್ತದ). ಅದೂ ಹಸಿರಿದ್ದರೆ ಪ್ರೈಮರಿಯ ತಪ್ಪಲ್ಲ. ಸೆಕೆಂಡರಿ ಹೆಚ್ಚಾಗಿದೆ, ಬ್ಲಾಕಿಂಗ್ ಸಾಲದು, ಇಲ್ಲವೇ ಉಳಿದ ಆಲ್ಡಿಹೈಡ್ ಆಂಟಿಬಾಡಿಯನ್ನು ಹಿಡಿಯುತ್ತಿದೆ. ಕೊನೆಯದಕ್ಕೆ ಫಿಕ್ಸ್ ಮಾಡಿದ ಮೇಲೆ 0.1 ಮೋಲಾರ್ ಗ್ಲೈಸಿನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು. ಯಾವ ಆಂಟಿಬಾಡಿಯೂ ಇಲ್ಲದ ಕೋಶಗಳೂ ಹೊಳೆಯುತ್ತಿದ್ದರೆ ಅದು ಕೋಶದ ಸ್ವಂತ ಹೊಳಪು. ಪ್ರೈಮರಿ ಇಲ್ಲದ್ದು ಕಪ್ಪಗಿದ್ದರೆ ಮಾತ್ರ ಪ್ರೈಮರಿಯ ಪ್ರಮಾಣವನ್ನೋ ಫಿಕ್ಸಿಂಗನ್ನೋ ಅನುಮಾನಿಸಬೇಕು. ಆದರೆ ಪ್ರೈಮರಿ ಹಿಡಿದದ್ದು ಟ್ಯೂಬುಲಿನ್ನನ್ನೇ ಅಂತ ಈ ಸ್ಲೈಡ್ ಹೇಳಲ್ಲ. ಅದಕ್ಕೆ ಬೇರೆ ಪರೀಕ್ಷೆ ಬೇಕು.

ಅಂಚಿನಲ್ಲಷ್ಟೇ ಗಾಢ ಹಸಿರು ಕಂಡರೆ ಸ್ಲೈಡ್ ಒಣಗಿದೆ ಅಂತ ಅರ್ಥ. ಮ್ಯಾನುಯಲ್‌ನ 'ರೂಮ್ ಟೆಂಪರೇಚರ್' ಅಂದ್ರೆ 20-25 ಡಿಗ್ರಿ. ಬ್ರಹ್ಮಪುರದ ಮೇ ತಿಂಗಳಲ್ಲಿ ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟ 100 ಮೈಕ್ರೊಲೀಟರ್ ಹನಿ ಅಂಚಿನಿಂದಲೇ ಒಣಗುತ್ತಾ ಬರುತ್ತದೆ. ಪೆಟ್ರಿ ಡಿಶ್‌ನಲ್ಲಿ ಒದ್ದೆ ಟಿಶ್ಯೂ ಹಾಕಿ ಮುಚ್ಚಿಡ್ರಿ, ಫ್ಯಾನ್ ಆರಿಸ್ರಿ.

ಸೆಕೆಂಡರಿ ದುಬಾರಿ, ಒಂದು ಸ್ಲೈಡ್ ದಂಡ ಅನ್ನೋ ವಾದವೂ ಇದೆ. 1:500 ಪ್ರಮಾಣದಲ್ಲಿ ಆ 100 ಮೈಕ್ರೊಲೀಟರ್‌ಗೆ ಬೇಕಾಗುವ ಸ್ಟಾಕ್ 0.2 ಮೈಕ್ರೊಲೀಟರ್. ಪಿಪೆಟ್‌ನ ಟಿಪ್ಪಿಗೆ ಅಂಟಿ ಹಾಳಾಗುವುದೇ ಅದಕ್ಕಿಂತ ಹೆಚ್ಚು.